ಇತಿಹಾಸದ ಕ್ವಿಜ್‌ನಲ್ಲಿ ಹಿಂದಿನ ಸಾಲಿನ ಮಕ್ಕಳಿಗೂ ಪಾಲು ಸಿಗೋದು ಹೇಗೆ?

ಪ್ರಶ್ನೆ: ಗದಗ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ 7ನೇ ತರಗತಿಗೆ ಸಮಾಜ ವಿಜ್ಞಾನ ಹೇಳ್ತೀನಿ. 38 ಮಕ್ಕಳಿದ್ದಾರೆ. ಕಿತ್ತೂರು, ಹಲಗಲಿ, ನರಗುಂದದ ಬಂಡಾಯಗಳ ಪಾಠ ಮುಗಿದಿದೆ. ಪ್ರತಿ ಶನಿವಾರ ಎರಡು ತಂಡ ಮಾಡಿ ಕ್ವಿಜ್ ಇಡ್ತೀನಿ. ಐದಾರು ಮಕ್ಕಳೇ ಎಲ್ಲಾ ಉತ್ತರ ಹೇಳ್ತಾರೆ. ಉತ್ತರ ಬರದವರನ್ನ ಅವರ ತಂಡದವರೇ ಬೈತಾರೆ. ಒಬ್ಬ ಹುಡುಗಿ ಈಗ ಶನಿವಾರ ಶಾಲೆಗೇ ಬರ್ತಿಲ್ಲ. ಕ್ವಿಜ್ ನಿಲ್ಲಿಸೋಕೆ ಮನಸ್ಸಿಲ್ಲ, ಮಕ್ಕಳಿಗೆ ಅದು ಇಷ್ಟ. ಏನು ಮಾಡಲಿ?

ಉತ್ತರ:

ಮೇಡಂ, ಕ್ವಿಜ್ ನಿಲ್ಲಿಸಬೇಡಿ. ಶನಿವಾರವನ್ನು ನಿಲ್ಲಿಸಿ.

ವಾರಕ್ಕೊಂದು ಕ್ವಿಜ್ ದಿನ ಅಂತ ಇದ್ದರೆ, ತಪ್ಪಿಸಿಕೊಳ್ಳುವುದಕ್ಕೂ ಒಂದು ದಿನ ಸಿಕ್ಕ ಹಾಗೆ. ಅದೇ ಐದು ಪ್ರಶ್ನೆಗಳನ್ನು ನಿಮ್ಮ ಪ್ರತಿ ಪೀರಿಯಡ್‌ನ ಮೊದಲ ಏಳೆಂಟು ನಿಮಿಷದಲ್ಲಿ ಕೇಳಿದರೆ ಅದು ಹಾಜರಿ ಕರೆದಷ್ಟೇ ಮಾಮೂಲಿಯಾಗುತ್ತದೆ. ಯಾರೂ ಅದಕ್ಕಾಗಿ ಹೊಟ್ಟೆನೋವು ತರಿಸಿಕೊಳ್ಳುವುದಿಲ್ಲ. ಆ ಹುಡುಗಿಗೆ ಬುದ್ಧಿ ಹೇಳಲು ಹೋಗುವ ಮೊದಲು ಇದನ್ನು ಮಾಡಿ.

ಇನ್ನು ಎರಡು ತಂಡದ ಕ್ವಿಜ್‌ನ ವಿಷಯ. ನಮ್ಮ ಕಡೆ ಬಹಳಷ್ಟು ಶಾಲೆಗಳಲ್ಲಿ ಇದೇ ನಡೆಯುತ್ತದೆ, ನೋಡೋಕೂ ಚೆನ್ನಾಗಿರುತ್ತದೆ. ಆದರೆ ಅದು ಗೊತ್ತಿದ್ದವರ ಆಟ. ಒಂದು ಪ್ರಶ್ನೆ ಬಿದ್ದ ತಕ್ಷಣ ಮುಂದಿನ ಸಾಲಿನಿಂದ "ನಂಗ ಗೊತ್ತೈತ್ರಿ ಟೀಚರ್" ಅಂತ ಕೈ ಏಳುತ್ತದೆ. ಆ ಕೈ ಎದ್ದ ಕ್ಷಣಕ್ಕೆ ಉಳಿದವರು ಯೋಚಿಸುವುದನ್ನು ಬಿಟ್ಟುಬಿಡುತ್ತಾರೆ. ಹೇಗಿದ್ದರೂ ಉತ್ತರ ಬರುತ್ತದಲ್ಲ! ಕೇಳಿಸಿಕೊಂಡರೆ ಅವರಿಗೂ ಪುನರಾವರ್ತನೆ ಆಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಅದು ಅಷ್ಟಾಗಿ ಆಗುವುದಿಲ್ಲ.

ನೆನಪು ಗಟ್ಟಿಯಾಗುವುದು ಉತ್ತರ ಕೇಳಿದಾಗ ಅಲ್ಲ, ಅದನ್ನು ತಲೆಯಿಂದ ಹೊರಗೆ ಎಳೆದಾಗ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಅಮೆರಿಕನ್ ಮನಶ್ಶಾಸ್ತ್ರಜ್ಞರು ಇದನ್ನು ಸರಳವಾಗಿ ತೋರಿಸಿದರು. ಒಂದೇ ಪಾಠವನ್ನು ಕೆಲವರು ಮತ್ತೆ ಓದಿದರು, ಕೆಲವರು ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಲೆಕ್ಕ ಉಲ್ಟಾ ಆಯಿತು, ಬರೆದವರಿಗೆ ಜಾಸ್ತಿ ನೆನಪಿತ್ತು. ಅವರೆಲ್ಲ ಕಾಲೇಜಿನ ವಿದ್ಯಾರ್ಥಿಗಳು, ನಿಮ್ಮ 7ನೇ ತರಗತಿಯವರಲ್ಲ. ಆದರೂ ನಿಮ್ಮ ಕೆಲಸಕ್ಕೆ ಬೇಕಾದ ಮಾತು ಅದರಲ್ಲಿದೆ. ಪ್ರತಿ ಪ್ರಶ್ನೆಗೂ 38 ಮಕ್ಕಳೂ ತಮ್ಮ ತಲೆಯನ್ನೇ ತಡಕಾಡಬೇಕು. ತಂಡದ ಕ್ವಿಜ್‌ನಲ್ಲಿ ತಡಕಾಡುವವರು ಐದಾರು ಮಂದಿ ಮಾತ್ರ. ಹೀಗಾಗಿ ಗೊತ್ತಿದ್ದವರಿಗೇ ಇನ್ನಷ್ಟು ಗಟ್ಟಿಯಾಗುತ್ತದೆ, ಅಂತರ ವಾರ ವಾರ ಬೆಳೆಯುತ್ತದೆ.

ಹಾಗಾದರೆ ದಾರಿ ಏನು? ಎಲ್ಲರೂ ಬರೆಯಲಿ, ಯಾರನ್ನೂ ಎಬ್ಬಿಸಿ ನಿಲ್ಲಿಸಬೇಡಿ. ಇದಕ್ಕೆ ಪಾಟಿ ಸಾಕು. ಪಾಟಿ ಇಲ್ಲದಿದ್ದರೆ ಹಳೇ ನೋಟ್‌ಬುಕ್ಕಿನ ರಟ್ಟಿಗೆ ಬಿಳಿ ಹಾಳೆ ಹಚ್ಚಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಕವರ್ ಹಾಕಿ. ವೈಟ್‌ಬೋರ್ಡ್ ಪೆನ್ನಿನಲ್ಲಿ ಬರೆದು ಬಟ್ಟೆಯಿಂದ ಒರೆಸಬಹುದು.

ಆಡಿಸುವ ಕ್ರಮ ಹೀಗೆ. ನೀವು ಪ್ರಶ್ನೆ ಹೇಳಿ ಸುಮ್ನೆ ನಿಲ್ಲಿ. ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ. ಆ ಹೊತ್ತಿನಲ್ಲಿ ಯಾರೂ ಮಾತಾಡುವ ಹಾಗಿಲ್ಲ, ಕೈ ಎತ್ತುವ ಹಾಗಿಲ್ಲ. ಬರೆದವರು ಪಾಟಿಯನ್ನು ತೊಡೆಯ ಮೇಲೆ ಮಗುಚಿ ಇಡಬೇಕು. ನೀವು "ಎತ್ತಿ" ಅಂದಾಗ ಎಲ್ಲರೂ ಒಟ್ಟಿಗೆ ಎದೆಯ ಹತ್ತಿರ ನಿಮ್ಮ ಕಡೆಗೆ ಹಿಡಿಯಬೇಕು. ಎಲ್ಲರೂ ಮುಂದೆ ಮುಖ ಮಾಡಿ ಕೂತಿರುವುದರಿಂದ ಹಿಂದಿನವರಿಗೆ ಕಾಣುವುದು ಪಾಟಿಯ ಬೆನ್ನು ಮಾತ್ರ. ಉತ್ತರ ಕಾಣುವುದು ನಿಮಗೆ. ನೀವು ಕಣ್ಣಾಡಿಸಿ, ಯಾರ ಹೆಸರನ್ನೂ ಹೇಳದೆ, "ಇಳಿಸಿ" ಅನ್ನಿ. ಆಮೇಲೆ ಪಕ್ಕದವರ ಜೊತೆ ಅರ್ಧ ನಿಮಿಷ ಮಾತಾಡಲು ಬಿಡಿ. ಬೇಕಾದವರು ಉತ್ತರ ಬದಲಿಸಲಿ. ಕೊನೆಗೆ ಸರಿ ಉತ್ತರವನ್ನು ಬೋರ್ಡಿನ ಮೇಲೆ ಬರೆಯಿರಿ, ಎಲ್ಲರೂ ತಮ್ಮ ಪಾಟಿಯನ್ನು ತಾವೇ ತಿದ್ದಿಕೊಳ್ಳಲಿ.

ಈ ಕೊನೆಯ ಹೆಜ್ಜೆ ಬಿಟ್ಟರೆ ಇಡೀ ಆಟ ವ್ಯರ್ಥ. ಏನೂ ನೆನಪಾಗದ ಮಗುವಿಗೆ ಸರಿ ಉತ್ತರ ಕಣ್ಣಿಗೆ ಬೀಳದಿದ್ದರೆ ಅದು ಖಾಲಿ ಪಾಟಿಯ ಜೊತೆಗೇ ಮನೆಗೆ ಹೋಗುತ್ತದೆ.

ಮಕ್ಕಳು ನಕಲು ಮಾಡುತ್ತಾರೆ, ಮಾಡೇ ಮಾಡುತ್ತಾರೆ. ಕಂಡುಹಿಡಿಯುವುದು ಸುಲಭ. ಪಾಟಿಗಳು ಎರಡು ಅಲೆಯಲ್ಲಿ ಮೇಲೇಳುತ್ತವೆ. ಮೊದಲು ಬರೆದವರದ್ದು, ಒಂದು ಕ್ಷಣ ಬಿಟ್ಟು ಉಳಿದವರದ್ದು. ಹಾಗೆ ಕಂಡರೆ ಬೈಯಬೇಡಿ. "ಬಳಪ ಕೆಳಗೆ" ಅಂತ ಒಂದು ಮಾತು ಸೇರಿಸಿ, ಎಲ್ಲರ ಕೈ ಖಾಲಿಯಾದ ಮೇಲೆ "ಎತ್ತಿ" ಅನ್ನಿ. ಎತ್ತುವ ಹೊತ್ತಿಗೆ ಬರೆಯಲು ಆಗುವುದಿಲ್ಲ ಅಂದರೆ ಕದಿಯುವ ಆಸೆಯೂ ಅರ್ಧ ಹೋಗುತ್ತದೆ.

ಈಗ ನಿಮ್ಮ ಪಾಠಕ್ಕೇ ಬರೋಣ. ಬರೆಯುವುದು ಅಂದ ತಕ್ಷಣ ನೀವು ಒಂದು ಮಾತು ಕೇಳಬಹುದು. ನಮ್ಮ ತರಗತಿಯಲ್ಲಿ ನಾಲ್ಕೈದು ಮಕ್ಕಳಿಗೆ ಬರೆಯುವುದೇ ಕಷ್ಟ, ಅವರ ಪಾಡೇನು ಅಂತ. ಸರಿಯಾದ ಪ್ರಶ್ನೆ. ನಾವು ದಡ್ಡರು ಅಂತ ಬದಿಗೆ ಸರಿಸಿದ ಎಷ್ಟೋ ಮಕ್ಕಳಿಗೆ ಬರದೇ ಇರುವುದು ಇತಿಹಾಸ ಅಲ್ಲ, ಒತ್ತಕ್ಷರ. ಊಟದ ಹೊತ್ತಿನಲ್ಲಿ "ರಾಯಣ್ಣನ್ನ ಹ್ಯಾಂಗ ಹಿಡದ್ರು, ಹೇಳು" ಅಂತ ಕೇಳಿ ನೋಡಿ. ಕಥೆ ಪೂರ್ತಿ ಬಂದು ಪಾಟಿ ಮಾತ್ರ ಖಾಲಿ ಇದ್ದರೆ ಸಮಸ್ಯೆ ಬರವಣಿಗೆಯದ್ದು. ಅದಕ್ಕೆ ನನ್ನ ಉಪಾಯ, ಇಡೀ ತರಗತಿಗೆ ಮೊದಲ ಅಕ್ಷರ ಮಾತ್ರ ಬರೆಯಲು ಹೇಳುವುದು. ಅವರಿಗಷ್ಟೇ ಈ ರಿಯಾಯಿತಿ ಕೊಟ್ಟರೆ ಮತ್ತೆ ಬೊಟ್ಟು ಮಾಡಿ ತೋರಿಸಿದ ಹಾಗೆ. ಎಲ್ಲರಿಗೂ ಒಂದೇ ನಿಯಮ. ನಿಮ್ಮ ಪಾಠ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ: ಕಿತ್ತೂರಿಗೆ ಕಿ, ಹಲಗಲಿಗೆ ಹ, ನರಗುಂದಕ್ಕೆ ನ, ಮುಂಡರಗಿಗೆ ಮು. ಬರೆಯುವ ವೇಗದಲ್ಲಿ ಹೆಚ್ಚುಕಮ್ಮಿ ಇರುವುದಿಲ್ಲ. ದೂರದಿಂದ ಓದಲು ನಿಮಗೂ ಸಲೀಸು.

ಒಂದು ದಿನದ ಐದು ಪ್ರಶ್ನೆ ಹೀಗಿರಲಿ.

ಥ್ಯಾಕರೆ ಸತ್ತಿದ್ದು ಯಾವ ಊರಿನ ಯುದ್ಧದಲ್ಲಿ? ಕಿ. ಇದು ಬಹುತೇಕ ಎಲ್ಲರಿಗೂ ಬರುತ್ತದೆ, ಬರಬೇಕು ಕೂಡ. ಮೊದಲ ಪ್ರಶ್ನೆಗೇ ಪಾಟಿ ಖಾಲಿ ಉಳಿದ ಮಗು ಎರಡನೆಯದಕ್ಕೆ ಬಳಪ ಎತ್ತುವುದಿಲ್ಲ.

ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ಊರು? ನಂ, ಅಂದರೆ ನಂದಗಡ. ಇಲ್ಲಿ ನ ಅಂತ ಬರೆದವರು ಸಿಗುತ್ತಾರೆ. ಸೊನ್ನೆ ಮರೆತರೋ, ನರಗುಂದ ಅಂದುಕೊಂಡರೋ ಅಂತ ತಿಳಿಯಲು ಆಮೇಲೆ ಆ ಮಗುವಿನ ಪಕ್ಕ ಹೋಗಿ ಮೆಲ್ಲಗೆ ಕೇಳಿದರೆ ಸಾಕು.

ಹಲಗಲಿಯ ಬೇಡರು ಏನನ್ನು ಒಪ್ಪಿಸಲು ಒಪ್ಪಲಿಲ್ಲ? ಆ, ಆಯುಧ. ಹ ಬರೆದವರಿದ್ದರೆ ಹತಾರ ಅಂತ ತಿಳಿಯಿರಿ, ಮನೆಮಾತಿನ ಉತ್ತರ, ಅದೂ ಸರಿ.

ನಾಲ್ಕನೆಯದು ಹಳೆಯ ಪಾಠದ್ದಾಗಿರಲಿ. ಲಕ್ಕುಂಡಿಯ ಬ್ರಹ್ಮ ಜಿನಾಲಯ ಕಟ್ಟಿಸಿದವರು ಯಾರು? ಅ, ಅತ್ತಿಮಬ್ಬೆ. ಗದಗದಿಂದ ಲಕ್ಕುಂಡಿ ಎಷ್ಟು ದೂರ! ನೋಡಿ ಬಂದ ಮಗು ಹಿಂದಿನ ಸಾಲಿನಲ್ಲೂ ಇರುತ್ತದೆ. ಹಳೇ ಪಾಠದಿಂದ ದಿನಕ್ಕೊಂದಾದರೂ ಪ್ರಶ್ನೆ ಬೇಕೇ ಬೇಕು. ಸ್ವಲ್ಪ ಮರೆಯಲು ಬಿಟ್ಟು ಮತ್ತೆ ಕೇಳಿದಾಗಲೇ ನೆನಪು ಉಳಿಯುವುದು. ನಿನ್ನೆ ಹೇಳಿದ್ದನ್ನೇ ಇವತ್ತು ಕೇಳಿದರೆ ಎಲ್ಲರೂ ಸರಿ ಬರೆಯುತ್ತಾರೆ, ನಮಗೂ ಖುಷಿ, ಪರೀಕ್ಷೆಯಲ್ಲಿ ಮಾತ್ರ ಏನೂ ಇರುವುದಿಲ್ಲ.

ಐದನೆಯದೇ ಮುಖ್ಯ. "ರಾಣಿ ಚೆನ್ನಮ್ಮ ಯುದ್ಧ ಮಾಡಿದ್ದು ಡಾಲ್‌ಹೌಸಿಯ ದತ್ತು ನೀತಿಯ ವಿರುದ್ಧ. ಹೌದೋ, ಅಲ್ಲವೋ?" ಹೌ ಅಥವಾ ಅ.

ಮೇಡಂ, ಇದನ್ನು ಕೇಳಿ ನೋಡಿ. ಹೌ ಅಂತ ಬರೆಯುವವರು ನಿಮ್ಮ ಆ ಐದಾರು ಹುಷಾರ್ ಮಕ್ಕಳೇ. ಯಾಕೆಂದರೆ ಅವರಿಗೆ ಎರಡೂ ಗೊತ್ತು. ಕಿತ್ತೂರಿನಲ್ಲಿ ದತ್ತು ಒಪ್ಪಲಿಲ್ಲ ಅನ್ನುವುದೂ ಗೊತ್ತು, ಡಾಲ್‌ಹೌಸಿ ದತ್ತು ಒಪ್ಪದೆ ರಾಜ್ಯಗಳನ್ನು ನುಂಗಿದ ಅನ್ನುವುದೂ ಗೊತ್ತು. ಎರಡನ್ನೂ ತಾವೇ ಜೋಡಿಸಿಕೊಂಡಿದ್ದಾರೆ. ದೊಡ್ಡವರೂ ಎಷ್ಟೋ ಭಾಷಣಗಳಲ್ಲಿ ಹೀಗೇ ಹೇಳುತ್ತಾರೆ. ಆದರೆ ಥ್ಯಾಕರೆ ಸತ್ತ ಯುದ್ಧ 1824ರ ಅಕ್ಟೋಬರ್ 23ರದ್ದು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಿದ್ದು 1829ರಲ್ಲಿ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದಿದ್ದು 1848ರಲ್ಲಿ. ಕಿತ್ತೂರು ಯುದ್ಧದ ಹೊತ್ತಿಗೆ ಆ ಕುರ್ಚಿಯಲ್ಲಿ ಇದ್ದವನು ಆಮ್ಹರ್ಸ್ಟ್. ದತ್ತು ಒಪ್ಪದೆ ರಾಜ್ಯ ಕಸಿಯುವ ಚಾಳಿ ಕಂಪನಿಗೆ ಮೊದಲಿಂದಲೂ ಇತ್ತು, ಡಾಲ್‌ಹೌಸಿ ಬಂದು ಅದನ್ನೇ ಗಟ್ಟಿ ನೀತಿ ಮಾಡಿಕೊಂಡ, ಅಷ್ಟೇ.

ಬೋರ್ಡಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಎಡಕ್ಕೆ 1824, ನಡುವೆ 1848, ಬಲಕ್ಕೆ 1858. "ಡಾಲ್‌ಹೌಸಿ ಬರೋವಾಗ ಚೆನ್ನಮ್ಮ ಇದ್ದಳಾ?" ಅಂತ ಎಲ್ಲರನ್ನೂ ಕೇಳಿ. ಆಮೇಲೆ ನರಗುಂದದ ಬಾಬಾಸಾಹೇಬನನ್ನು ತನ್ನಿ. ಅವನಿಗೂ ದತ್ತು ತೆಗೆದುಕೊಳ್ಳಲು ಕಂಪನಿ ಒಪ್ಪಲಿಲ್ಲ. ಅವನು ಬಂಡೆದ್ದಿದ್ದು 1858ರಲ್ಲಿ. ಡಾಲ್‌ಹೌಸಿಯ ನೀತಿಯ ಪಕ್ಕ ಇಡಬೇಕಾದ ಹೆಸರು ಇದು. ಇಲ್ಲಿ ಇಸವಿ ಬಾಯಿಪಾಠದ ವಸ್ತು ಆಗಿ ಉಳಿಯುವುದಿಲ್ಲ, ವಾದ ಗೆಲ್ಲುವ ಸಾಕ್ಷಿ ಆಗುತ್ತದೆ. ಇಸವಿಯನ್ನೇ ಬಿಡಿಬಿಡಿಯಾಗಿ ಕೇಳುವ ಪ್ರಶ್ನೆ ನನಗೆ ಹಿಡಿಸುವುದೇ ಇಲ್ಲ. ಮೊದಲು ಯಾವುದು, ಆಮೇಲೆ ಯಾವುದು ಅಂತ ಕೇಳಿದರೆ ಯೋಚಿಸಿಯಾದರೂ ಹೇಳಬಹುದು.

ಇಂಥ ಒಂದು ಪ್ರಶ್ನೆ ದಿನಕ್ಕೊಂದು ಇದ್ದರೆ ಇನ್ನೊಂದು ಲಾಭವೂ ಇದೆ. ತಪ್ಪು ಬರೆಯುವುದು ಹಿಂದಿನ ಸಾಲಿನ ಗುತ್ತಿಗೆ ಅಲ್ಲ ಅಂತ ಆಗುತ್ತದೆ. ಅದನ್ನು ನೀವು ಬಾಯಿ ಬಿಟ್ಟು ಹೇಳಬೇಡಿ, ಮುಂದಿನ ಸಾಲಿನವರಿಗೆ ನಾಚಿಕೆಯಾಗಬಾರದು. ಅವರೇ ಪಾಟಿ ನೋಡಿಕೊಂಡು ನಗುತ್ತಾರೆ.

ಅಂಕ ಬೇಕೇ ಬೇಕು, ಇಲ್ಲದಿದ್ದರೆ ಮಕ್ಕಳಿಗೆ ಆಟ ಅನಿಸುವುದಿಲ್ಲ. ಆದರೆ ಅಂಕ ತರಗತಿಯದ್ದಾಗಿರಲಿ. ಪಾಟಿ ಎತ್ತಿದಾಗ ಸರಿ ಇರುವವನ್ನು ಎಣಿಸಿ ಬೋರ್ಡಿನ ಮೂಲೆಯಲ್ಲಿ ಬರೆಯಿರಿ. ನಂದಗಡದ ಪ್ರಶ್ನೆಗೆ ಈ ವಾರ 17 ಬಂತು ಅಂದುಕೊಳ್ಳಿ. ಮುಂದಿನ ವಾರ ಅದೇ ಪ್ರಶ್ನೆ ಕೇಳಿ 25 ಬಂದರೆ ತರಗತಿ ಗೆದ್ದಂತೆ. ಇಲ್ಲೊಂದು ಗುಂಡಿ ಇದೆ, ನೋಡಿಕೊಳ್ಳಿ. "38ಕ್ಕೆ 38 ಬಂದರೆ ಆಟಕ್ಕೆ ಬಿಡ್ತೀನಿ" ಅಂತ ಎಂದೂ ಹೇಳಬೇಡಿ. 37ಕ್ಕೆ ನಿಂತ ದಿನ ಆ ಉಳಿದ ಒಬ್ಬರು ಯಾರು ಅಂತ ಇಡೀ ತರಗತಿ ಹುಡುಕುತ್ತದೆ. ಈಗ ನಿಮ್ಮ ತಂಡಗಳಲ್ಲಿ ನಡೆಯುತ್ತಿರುವ ಬೈಗುಳ ಅಲ್ಲಿ ಇನ್ನೂ ದೊಡ್ಡದಾಗಿ ಬರುತ್ತದೆ. ಹೋದ ಸಲಕ್ಕಿಂತ ಜಾಸ್ತಿ, ಅಷ್ಟೇ ಗುರಿ.

ಸ್ಮಾರ್ಟ್ ಕ್ಲಾಸ್ ಇರುವ ಶಾಲೆಯವರು ಕಹೂಟ್ ಥರದ ಮೊಬೈಲ್ ಕ್ವಿಜ್ ಆಡಿಸುತ್ತಾರೆ. ಅಲ್ಲಿ ಸಾಮಾನ್ಯವಾಗಿ ಬೇಗ ಒತ್ತಿದವರಿಗೆ ಜಾಸ್ತಿ ಅಂಕ, ಮೇಲಿನಿಂದ ಹೆಸರಿನ ಪಟ್ಟಿ ಪರದೆ ಮೇಲೆ. ನಿಮ್ಮ ಶನಿವಾರದ ತೊಂದರೆಯೇ ಬಣ್ಣ ಹಚ್ಚಿಕೊಂಡು ಬಂದ ಹಾಗೆ. ಅದರ ಹಿಂದೆ ಬೀಳಬೇಡಿ.

ಇನ್ನು ನೆನಪಿನ ಆಟ. ಶನಿವಾರ ಮಕ್ಕಳಿಗೆ ಗದ್ದಲ ಬೇಕು, ಅದನ್ನು ಕಸಿಯಬೇಡಿ. ಪಾಟಿ ಕ್ವಿಜ್ ದಿನನಿತ್ಯದ್ದು, ಶನಿವಾರಕ್ಕೆ ಕಾರ್ಡ್ ಆಟ ಇಡಿ. ಸಾಮಾನ್ಯವಾಗಿ ಎಲ್ಲರೂ ಆಡಿಸುವುದು ಕಾರ್ಡುಗಳನ್ನೆಲ್ಲ ಮಗುಚಿ ಹರಡಿ, ಎರಡೆರಡು ತೆರೆದು ಜೋಡಿ ಹುಡುಕುವ ಆಟ. ಇತಿಹಾಸದ ಪುನರಾವರ್ತನೆಗೆ ಇದು ಅಷ್ಟೇನೂ ಉಪಯೋಗ ಇಲ್ಲ. ಮಗು ನೆನಪಿಡುವುದು "ಎರಡನೇ ಸಾಲಿನ ಮೂಲೆಯಲ್ಲಿ ಚೆನ್ನಮ್ಮ ಇದ್ದಾಳೆ" ಅಂತ. ಚೆನ್ನಮ್ಮ ಏನು ಮಾಡಿದಳು ಅಂತ ಅಲ್ಲ. ಜಾಗದ ನೆನಪು ಚುರುಕಾಗಿರುವ ಮಗು ಪಾಠ ಓದದೇ ಗೆಲ್ಲುತ್ತದೆ.

ಸ್ವಲ್ಪ ತಿರುಗಿಸಿದರೆ ಕೆಲಸಕ್ಕೆ ಬರುತ್ತದೆ. ನಾಲ್ಕು ಮಕ್ಕಳಿಗೆ ಒಂದು ಕಟ್ಟು ಕೊಡಿ. ಲಗ್ನಪತ್ರಿಕೆಯ ಹಿಂಬದಿ ಕತ್ತರಿಸಿದರೆ ಚೆನ್ನಾದ ಕಾರ್ಡ್ ಆಗುತ್ತದೆ, ಕೇಳಿದರೆ ಮಕ್ಕಳೇ ರಾಶಿ ತರುತ್ತಾರೆ. ಐದು ಹೆಸರು: ಚೆನ್ನಮ್ಮ, ರಾಯಣ್ಣ, ಹಲಗಲಿಯ ಬೇಡರು, ನರಗುಂದದ ಬಾಬಾಸಾಹೇಬ, ಮುಂಡರಗಿ ಭೀಮರಾವ್. ಪ್ರತಿ ಹೆಸರಿಗೂ ಎರಡು ಕಾರ್ಡು. ಒಂದು ಊರಿನದ್ದು ಅಥವಾ ಕೋಟೆಯದ್ದು, ಇನ್ನೊಂದು ಘಟನೆಯದ್ದು ಅಥವಾ ಕಾರಣದ್ದು. ಭೀಮರಾವ್‌ಗೆ "ಕೊಪ್ಪಳದ ಕೋಟೆ" ಮತ್ತು "ಹೋರಾಡುತ್ತಲೇ ಸತ್ತ, 1858". ರಾಯಣ್ಣನಿಗೆ "ನಂದಗಡ" ಮತ್ತು "ಕಿತ್ತೂರು ಬಿದ್ದ ಮೇಲೂ ಹೋರಾಟ ಮುಂದುವರಿಸಿದ". ಹೆಸರಿನ ಐದು ಕಾರ್ಡು ಮುಖ ಮೇಲಾಗಿ ನೆಲದ ಮೇಲೆ, ಎಲ್ಲರಿಗೂ ಕಾಣುವ ಹಾಗೆ. ಉಳಿದ ಹತ್ತು ಮಗುಚಿದ ಕಟ್ಟಿನಲ್ಲಿ. ಸರದಿಯಂತೆ ಒಬ್ಬರು ಒಂದು ಕಾರ್ಡು ಎತ್ತಿ, ಜೋರಾಗಿ ಓದಿ, ಯಾವ ಹೆಸರಿನ ಕೆಳಗೆ ಅಂತ ಹೇಳಿ ಇಡಬೇಕು. ಓದಲು ಬಾರದವರ ಕಾರ್ಡನ್ನು ಪಕ್ಕದವರು ಓದಬಹುದು, ಇಡುವುದು ಮಾತ್ರ ಎತ್ತಿದವರೇ.

ಇಲ್ಲಿ ಕೆಡುವುದು ಹೇಗೆ ಅಂತ ನಿಮಗೂ ಗೊತ್ತು. ಹುಷಾರ್ ಹುಡುಗ ಒಬ್ಬನೇ "ಅಲ್ಲಿಡು, ಇಲ್ಲಿಡು" ಅಂತ ಎಲ್ಲರ ಕಾರ್ಡನ್ನೂ ಅವನೇ ಆಡುತ್ತಾನೆ. ದೂರ ನಿಂತು ಮಕ್ಕಳ ಕಣ್ಣು ನೋಡಿ. ಕಾರ್ಡು ನೋಡುತ್ತಿದ್ದರೆ ಆಟ ನಡೆಯುತ್ತಿದೆ. ಮೂವರೂ ಒಬ್ಬನ ಮುಖ ನೋಡುತ್ತಿದ್ದರೆ ಆಟ ಸತ್ತಿದೆ.

ಇದಕ್ಕೆ ಎರಡು ನಿಯಮ. ಒಂದು, ಬೇರೆಯವರ ಸರದಿಯಲ್ಲಿ ಉತ್ತರ ಹೇಳುವ ಹಾಗಿಲ್ಲ, ಸುಳಿವು ಮಾತ್ರ ಕೊಡಬಹುದು. "ಭೀಮರಾವ್" ಅನ್ನಬಾರದು. "ಅವನ ಊರು ನಮ್ಮ ಜಿಲ್ಲೆಯೊಳಗೇ ಐತಿ, ಡೋಣಿ ದಾಟಿ ಹೋದ್ರ ಸಿಗತೈತಿ" ಅನ್ನಬಹುದು. ಉತ್ತರ ಹೇಳುವುದಕ್ಕಿಂತ ಒಳ್ಳೆಯ ಸುಳಿವು ಕೊಡುವುದು ಕಷ್ಟ. ಅಲ್ಲಿ ಹುಷಾರ್ ಹುಡುಗನಿಗೂ ಕೆಲಸ ಸಿಗುತ್ತದೆ.

ಎರಡನೆಯದು ಹುಣಸೆ ಬೀಜದ್ದು. ಪ್ರತಿ ಮಗುವಿಗೂ ಎರಡೆರಡು ಬೀಜ ಕೊಡಿ. ಒಂದು ಬೀಜ ಕೆಳಗಿಟ್ಟರೆ ಒಂದು ಸುಳಿವು ಕೇಳಬಹುದು. ಆಟ ಮುಗಿಯುವಷ್ಟರಲ್ಲಿ ನಾಲ್ವರೂ ತಮ್ಮ ಎರಡೂ ಬೀಜ ಖಾಲಿ ಮಾಡಿರಬೇಕು, ಕೈಯಲ್ಲಿ ಉಳಿದರೆ ಆ ಗುಂಪಿನ ಆಟ ಮುಗಿದಂತಲ್ಲ. ಹಾಗಾಗಿ ಗೊತ್ತಿದ್ದವನೂ ಸುಳಿವು ಕೇಳಲೇಬೇಕು. ಬೀಜ ಬೇಕಾದವರಿಗೆ ಮಾತ್ರ ಅಂತ ಇಟ್ಟರೆ ಮೊದಲ ಬೀಜ ಇಟ್ಟವರಿಗೆ ಹೆಸರು ಬೀಳುತ್ತದೆ. ಎಲ್ಲರೂ ಇಡಬೇಕು ಅಂದಾಗ ಕೇಳುವುದು ಆಟದ ಭಾಗ.

ಗುಂಪು ಮಾಡುವಾಗ ಒಬ್ಬ ಹುಷಾರ್, ಒಬ್ಬ ದಡ್ಡ ಅಂತ ಮಕ್ಕಳಿಗೆ ತಿಳಿಯುವ ಹಾಗೆ ಹಂಚಬೇಡಿ. ಅವರು ಎರಡೇ ವಾರದಲ್ಲಿ ಗುಟ್ಟು ಹಿಡಿಯುತ್ತಾರೆ. ಕೂತಲ್ಲಿಯೇ ನಾಲ್ಕು ನಾಲ್ಕು ಮಾಡಿ, ವಾರ ವಾರ ಸಾಲು ಬದಲಿಸಿ. 38ಕ್ಕೆ ನಾಲ್ವರ ಎಂಟು ಗುಂಪು, ಮೂವರ ಎರಡು ಗುಂಪು ಆಗುತ್ತದೆ. ಮೂವರ ಗುಂಪಿಗೆ ಏನೂ ಬದಲಾವಣೆ ಬೇಡ.

ಆ ಹುಡುಗಿಯ ಬಗ್ಗೆ. ಅವಳಿಗೆ ಗುಟ್ಟಾಗಿ ಉತ್ತರ ಹೇಳಿಕೊಟ್ಟು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸುವ ಆಸೆ ಬರುತ್ತದೆ. ಬೇಡ. ತರಗತಿಗೆ ಗೊತ್ತಾಗುತ್ತದೆ, ಅವಳಿಗಂತೂ ಗೊತ್ತೇ ಇರುತ್ತದೆ. ಬದಲಿಗೆ ಸೋಮವಾರವೇ ಹತ್ತು ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದು ಎಲ್ಲರಿಗೂ ಇಳಿಸಿಕೊಳ್ಳಲು ಹೇಳಿ. ವಾರದ ಐದೂ ದಿನ ಪ್ರಶ್ನೆಗಳು ಬಹುಪಾಲು ಅದರಿಂದಲೇ ಬರಲಿ, ಡಾಲ್‌ಹೌಸಿ ಥರದ್ದು ಒಂದು ಮಾತ್ರ ಹೊಸದು. ಮೊದಲೇ ಹೇಳಿದರೆ ಅದೆಂಥ ಕ್ವಿಜ್ ಅಂತ ಯಾರಾದರೂ ಅನ್ನಬಹುದು. ನೀವು ಆರಿಸುತ್ತಿರುವುದು ಗೆದ್ದವರನ್ನಲ್ಲ, ಪಾಠ ನೆನಪು ಮಾಡಿಸುತ್ತಿದ್ದೀರಿ ಅಲ್ವಾ? ಮನೆಯಲ್ಲಿ ಒಮ್ಮೆ ನೋಡಿಕೊಂಡು ಬಂದರೆ ಸಿಗುವ ಉತ್ತರ ಅವಳಿಗೂ ಸಿಗಲಿ.

ಮೊದಲ ವಾರ ಅವಳ ಪಾಟಿ ಖಾಲಿ ಇದ್ದರೂ ಕಣ್ಣು ಅಲ್ಲೇ ನಿಲ್ಲಿಸಬೇಡಿ. ಸರಿ ಉತ್ತರ ಬರೆದುಕೊಂಡಳಾ, ಅದನ್ನಷ್ಟು ನೋಡಿ. ಎರಡು ಮೂರು ವಾರವಾದರೂ ಎಲ್ಲಾ ಪ್ರಶ್ನೆಗೂ ಪಾಟಿ ಖಾಲಿಯೇ ಇದ್ದರೆ, ಮೊದಲ ಅಕ್ಷರವೂ ಮೂಡದಿದ್ದರೆ, ಆಟದಿಂದ ಆಗುವ ಕೆಲಸ ಅಲ್ಲ ಅದು. ಬೋರ್ಡು ಕಣ್ಣಿಗೆ ಕಾಣುತ್ತದಾ, ಕಿವಿಗೆ ಪ್ರಶ್ನೆ ಬೀಳುತ್ತದಾ, ಅಕ್ಷರ ಗುರುತು ಸಿಗುತ್ತದಾ ಅಂತ ಬೇರೆಯಾಗಿ ನೋಡಬೇಕು.

ಕೊನೆಗೆ, ಪ್ರತಿಭಾ ಕಾರಂಜಿಯ ರಸಪ್ರಶ್ನೆಗೆ ಮಕ್ಕಳನ್ನು ತಯಾರು ಮಾಡಬೇಕಲ್ಲ ಅಂತ ನಿಮ್ಮ ಹೆಡ್‌ಮಾಸ್ತರರು ಕೇಳಬಹುದು. ಮಾಡಿ. ಇಷ್ಟ ಇದ್ದವರನ್ನು ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೂರಿಸಿಕೊಂಡು, ಗಂಟೆ ಬಾರಿಸಿ, ಅಂಕ ಹಾಕಿ, ಬೇಕಾದಷ್ಟು ಪೈಪೋಟಿ ಆಡಿಸಿ. ಆ ಐದಾರು ಮಕ್ಕಳಿಗೆ ಅದರ ಹಸಿವೂ ಇದೆ. ತರಗತಿಯ ಪೀರಿಯಡ್ ಒಳಗೆ ಮಾತ್ರ ಅದನ್ನು ತರಬೇಡಿ.